ತೋಟದ ಮನೆಗೆ ಸಿಗ್ನಲ್: ಆಂಟೆನಾ ಮಾಡಬಲ್ಲದ್ದು, ಬೂಸ್ಟರ್ ಮಾಡಬಾರದ್ದು

ಊರಿನಿಂದ ದೂರವಾಗಿ, ತೋಟದ ನಡುವೆಯೋ ಹೊಲದ ಅಂಚಿನಲ್ಲಿಯೋ ಮನೆ ಕಟ್ಟಿಕೊಂಡು ಬಾಳುವ ಕುಟುಂಬಗಳು ನಮ್ಮ ಓದುಗರಲ್ಲಿ ಬಹಳ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ವಯಸ್ಸಾದ ತಂದೆ ತಾಯಿ ಇರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುತ್ತಾರೆ. ಮೊಬೈಲ್ ಹಿಡಿದು ಅಂಗಳದ ಮೂಲೆಗೆ ಹೋಗಿ, ಕಲ್ಲಿನ ಮೇಲೆ ನಿಂತು, ಒಂದು ಕೈ ಮೇಲೆತ್ತಿ ಮಾತನಾಡುವುದು ಅಲ್ಲಿ ನಿತ್ಯದ ಸಂಗತಿ. ಹಗಲಿನಲ್ಲಿ ಇದು ನಗೆಯ ವಿಷಯವಾಗಿ ಕಾಣಬಹುದು. ರಾತ್ರಿ ಎರಡು ಗಂಟೆಗೆ ಮನೆಯ ಹಿರಿಯರಿಗೆ ಎದೆನೋವು ಬಂದು 108ಕ್ಕೆ ಕರೆ ಮಾಡಬೇಕಾದಾಗ, ಮಳೆಯಲ್ಲಿ ಆ ಕಲ್ಲನ್ನು ಹುಡುಕಿಕೊಂಡು ಹೋಗುವುದು ನಗೆಯ ವಿಷಯವಲ್ಲ.

ಈ ತೊಂದರೆಗೆ ಪರಿಹಾರವೆಂದು ಎರಡು ವಸ್ತುಗಳು ಮಾರಾಟವಾಗುತ್ತಿವೆ. ಒಂದು ಬೂಸ್ಟರ್, ಇನ್ನೊಂದು ಹೊರಾಂಗಣ ಆಂಟೆನಾ. ಅನೇಕರು ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ವಾಸ್ತವವಾಗಿ ಇವೆರಡಕ್ಕೂ ಅಜಗಜಾಂತರ ವ್ಯತ್ಯಾಸವುಂಟು. ಒಂದು ಕಾನೂನಿಗೆ ವಿರುದ್ಧವಾದದ್ದು ಮತ್ತು ನೆರೆಹೊರೆಯವರಿಗೂ ಕೇಡು ತರಬಲ್ಲದ್ದು. ಇನ್ನೊಂದು ಸರಿಯಾಗಿ ಅಳವಡಿಸಿದರೆ ಬಹಳ ಮಟ್ಟಿಗೆ ಉಪಯೋಗಕ್ಕೆ ಬರುವಂಥದ್ದು, ಆದರೆ ಅದಕ್ಕೂ ತನ್ನದೇ ಆದ ಮಿತಿಗಳಿವೆ. ಹಣ ಖರ್ಚು ಮಾಡುವ ಮೊದಲು ಇವುಗಳ ಅಂತರವನ್ನು ತಿಳಿದುಕೊಳ್ಳುವುದು ಒಳಿತೆಂದು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬೂಸ್ಟರ್ ಏಕೆ ಬೇಡ?

ಬೂಸ್ಟರಿನಲ್ಲಿ ಮೂರು ಭಾಗಗಳಿರುತ್ತವೆ. ಮಾಳಿಗೆಯ ಮೇಲೆ ಟವರಿನ ಕಡೆಗೆ ಮುಖ ಮಾಡಿದ ಒಂದು ಆಂಟೆನಾ, ನಡುವೆ ಸಿಗ್ನಲನ್ನು ವರ್ಧಿಸುವ ಒಂದು ಪೆಟ್ಟಿಗೆ, ಮನೆಯೊಳಗೆ ಅದನ್ನು ಹರಡುವ ಇನ್ನೊಂದು ಆಂಟೆನಾ. ಟವರಿನಿಂದ ಬಂದದ್ದನ್ನು ದೊಡ್ಡದು ಮಾಡಿ ಮನೆಯೊಳಗೆ ಬಿಡುತ್ತದೆ; ಮನೆಯೊಳಗಿನ ಫೋನುಗಳಿಂದ ಹೊರಟದ್ದನ್ನು ದೊಡ್ಡದು ಮಾಡಿ ಟವರಿನ ಕಡೆಗೆ ಕಳಿಸುತ್ತದೆ. ಕೇಳಲು ಇದು ಬಹಳ ಸರಳವಾಗಿದೆ. ತೊಡಕು ಇರುವುದು ಎರಡನೆಯ ಕೆಲಸದಲ್ಲಿ.

ಮದುವೆಯ ಮಂಟಪದಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕಿವಿ ಕೊರೆಯುವಂತೆ ಕೀರಲು ಸದ್ದು ಏಳುವುದನ್ನು ಎಲ್ಲರೂ ಕೇಳಿದ್ದೇವೆ. ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೆ ಹೋಗಿ, ಮತ್ತೆ ಹೆಚ್ಚಾಗಿ, ಮತ್ತೆ ಬರುವುದರಿಂದ ಹೀಗಾಗುತ್ತದೆ. ಬೂಸ್ಟರಿನಲ್ಲಿಯೂ ಇದೇ ನಡೆಯುತ್ತದೆ. ಮಾಳಿಗೆಯ ಮೇಲಿನ ಆಂಟೆನಾ ಮತ್ತು ಕೋಣೆಯೊಳಗಿನ ಆಂಟೆನಾ ಒಂದಕ್ಕೊಂದು ಸಮೀಪವಾಗಿದ್ದರೆ, ಒಂದರ ಸಿಗ್ನಲ್ ಇನ್ನೊಂದಕ್ಕೆ ನುಗ್ಗಿ ಪೆಟ್ಟಿಗೆಯು ತಾನೇ ತಾನಾಗಿ ಕಿರುಚತೊಡಗುತ್ತದೆ. ಈ ಕಿರುಚಾಟ ನಮ್ಮ ಕಿವಿಗೆ ಕೇಳುವುದಿಲ್ಲ, ಟವರಿಗೆ ಕೇಳುತ್ತದೆ. ಹಂಚಿನ ಮಾಡಿನ ಸಣ್ಣ ಮನೆಯಲ್ಲಿ ಎರಡು ಆಂಟೆನಾಗಳ ನಡುವೆ ಸಾಕಷ್ಟು ಅಂತರವನ್ನಾಗಲಿ, ದಪ್ಪನೆಯ ತಡೆಯನ್ನಾಗಲಿ ಒದಗಿಸುವುದು ಕಷ್ಟ. ಆದ್ದರಿಂದ ಅಗ್ಗದ ಬೂಸ್ಟರುಗಳು ಹೀಗೆ ಕೆಡುವ ಸಂಭವವೇ ಹೆಚ್ಚು.

ಇದರ ಪರಿಣಾಮ ಆ ಮನೆಗೆ ಮಾತ್ರ ಸೀಮಿತವಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಿಂದ ಮಾತನಾಡುತ್ತದೆ. ನಮ್ಮ 4ಜಿ ಫೋನು ಹೆಚ್ಚೆಂದರೆ ಒಂದು ವ್ಯಾಟಿನ ಐದನೆಯ ಒಂದು ಭಾಗದಷ್ಟು ಶಕ್ತಿಯಿಂದ ಉತ್ತರ ಕೊಡುತ್ತದೆ. ದೂರದ ಫೋನುಗಳ ಈ ಪಿಸುಮಾತನ್ನು ಕೇಳಿಸಿಕೊಳ್ಳಲು ಟವರ್ ಬಹಳ ಸೂಕ್ಷ್ಮವಾಗಿ ಕಿವಿಗೊಟ್ಟಿರುತ್ತದೆ. ಅಂಥಲ್ಲಿ ಒಂದು ಬೂಸ್ಟರ್ ಕಿರುಚಿದರೆ, ಆ ಟವರನ್ನು ಆಶ್ರಯಿಸಿದ ಸುತ್ತಲಿನ ಎಲ್ಲ ಮನೆಗಳ ಫೋನುಗಳ ದನಿಯೂ ಆ ಗದ್ದಲದಲ್ಲಿ ಮುಳುಗುತ್ತದೆ. ಟವರಿಗೆ ತೀರ ದೂರವಿರುವವರ ಕರೆ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ. ಅಂದರೆ ಒಂದು ಮನೆಯವರು ತಮ್ಮ ಅನುಕೂಲಕ್ಕಾಗಿ ಇಟ್ಟ ಪೆಟ್ಟಿಗೆಯು ಕೆಳಗಿನ ಕೇರಿಯವರ 108ರ ಕರೆಯನ್ನೇ ತಡೆಯಬಹುದು, ಇಟ್ಟವರಿಗೆ ಅದು ತಿಳಿಯುವುದೂ ಇಲ್ಲ.

ಈ ಕಾರಣದಿಂದಲೇ ನಮ್ಮ ದೇಶದಲ್ಲಿ ಖಾಸಗಿಯವರು ಬೂಸ್ಟರ್ ಇಟ್ಟುಕೊಳ್ಳುವಂತಿಲ್ಲ. ಕೇಂದ್ರದ ದೂರಸಂಪರ್ಕ ಇಲಾಖೆಯು 2022ರ ಜುಲೈ 1ರಂದು ಹೊರಡಿಸಿದ ಸೂಚನೆಯಲ್ಲಿ, ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಬಿಟ್ಟು ಬೇರೆ ಯಾರೇ ಆಗಲಿ ಮೊಬೈಲ್ ಬೂಸ್ಟರನ್ನು ಹೊಂದುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ಸ್ಪಷ್ಟಪಡಿಸಿದೆ. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣಗಳನ್ನು ಹೊಂದಲು ಅಧಿಕೃತ ಅನುಮತಿ ಬೇಕೆನ್ನುತ್ತದೆ. ಅಂಗಡಿಯಲ್ಲಿಯೋ ಜಾಲತಾಣದಲ್ಲಿಯೋ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಅದು ನ್ಯಾಯಸಮ್ಮತವೆಂದು ತಿಳಿಯಬಾರದು.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಂದ ಬೂಸ್ಟರ್ ತಂದುಕೊಡುವುದಾಗಿ ಹೇಳುವುದುಂಟು. ಅಲ್ಲಿ ನಿಯಮಕ್ಕೊಳಪಟ್ಟ ಬೂಸ್ಟರುಗಳನ್ನು ಮನೆಗಳಲ್ಲಿ ಇಡಲು ಅವಕಾಶವಿರುವುದು ನಿಜ. ಆದರೆ ಅವು ಅಲ್ಲಿನ ತರಂಗಾಂತರಗಳಿಗೆ ತಕ್ಕಂತೆ ಮಾಡಲ್ಪಟ್ಟವು. ನಮ್ಮ ಹಳ್ಳಿಗಳಲ್ಲಿ 4ಜಿ ಸೇವೆ ನಡೆಯುವ 900, 1800, 2300 ಮೆಗಾಹರ್ಟ್ಸ್ ಪಟ್ಟಿಗಳು ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಕೆಲಸವೂ ಆಗುವುದಿಲ್ಲ.

ಆಂಟೆನಾದ ದಾರಿ

ಹಾಗಾದರೆ ಉಳಿದ ದಾರಿ ಯಾವುದು? ಸಿಮ್ ಹಾಕುವ ಒಂದು ರೂಟರನ್ನು, ಸಿಗ್ನಲ್ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಇಟ್ಟು, ಅಲ್ಲಿಂದ ಇಂಟರ್ನೆಟ್ಟನ್ನು ತಂತಿಯ ಮೂಲಕ ಮನೆಗೆ ತಂದು, ಮನೆಯೊಳಗೆ ವೈಫೈ ಆಗಿ ಹರಡುವುದು. ಫೋನಿನಲ್ಲಿ Wi-Fi Calling ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಸಾಮಾನ್ಯ ಕರೆಗಳೂ ಆ ವೈಫೈ ಮೂಲಕವೇ ಬಂದು ಹೋಗುತ್ತವೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಈ ಸೌಲಭ್ಯವನ್ನು ಆರಂಭಿಸಿದವು. ಇದಕ್ಕೆ ಫೋನು ತಕ್ಕದ್ದಾಗಿರಬೇಕು. ಹಳೆಯ ಗುಂಡಿ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಇದಕ್ಕೂ ಬೂಸ್ಟರಿಗೂ ಇರುವ ಭೇದವಿಷ್ಟೆ: ರೂಟರ್ ಎಂಬುದು ಸಿಮ್ ಹೊಂದಿದ, ಟವರಿನ ಆಜ್ಞೆಗೆ ಒಳಪಟ್ಟ ಒಂದು ಫೋನಿನಂತೆಯೇ. ಎಷ್ಟು ಶಕ್ತಿಯಿಂದ, ಯಾವ ಕ್ಷಣದಲ್ಲಿ ಮಾತನಾಡಬೇಕೆಂದು ಟವರೇ ಅದಕ್ಕೆ ಹೇಳುತ್ತದೆ, ಅದು ಪಾಲಿಸುತ್ತದೆ. ಬೂಸ್ಟರ್ ಯಾರ ಆಜ್ಞೆಯನ್ನೂ ಕೇಳದೆ ಕೂಗುತ್ತದೆ.

ಆಂಟೆನಾ ಸಿಗ್ನಲನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ಕೂಡಿಸಿಕೊಡುತ್ತದೆ ಎಂಬುದನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು. ಕೊಳವೆಬಾವಿಯಲ್ಲಿ ನೀರಿಲ್ಲದಿದ್ದರೆ ಎಷ್ಟು ಅಶ್ವಶಕ್ತಿಯ ಪಂಪು ಇಳಿಸಿದರೂ ಬರುವುದು ಗಾಳಿಯೇ. ಆದ್ದರಿಂದ ಪಂಪು ಕೊಳ್ಳುವ ಮೊದಲು ನೀರು ಎಲ್ಲಿದೆ ಎಂದು ನೋಡಬೇಕಾದಂತೆ, ಆಂಟೆನಾ ಕೊಳ್ಳುವ ಮೊದಲು ಸಿಗ್ನಲ್ ಎಲ್ಲಿದೆ ಎಂದು ಅಳೆಯಬೇಕು. ಈ ಅಳತೆಗೆ ಖರ್ಚಿಲ್ಲ, ಒಂದು ದಿನದ ತಾಳ್ಮೆ ಸಾಕು.

ಅಳೆಯುವ ಬಗೆ

ಫೋನಿನ ಮೇಲ್ಭಾಗದಲ್ಲಿ ಕಾಣುವ ಕಡ್ಡಿಗಳನ್ನು ನಂಬಲಾಗದು. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬುದನ್ನು ಫೋನು ತಯಾರಿಸಿದವರು ತಮಗೆ ತೋಚಿದಂತೆ ಇಟ್ಟಿರುತ್ತಾರೆ. ನಿಜವಾದ ಅಂಕಿ ಫೋನಿನೊಳಗೇ ಇದೆ. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ Settings, About phone, SIM status ಎಂದು ಒಂದೊಂದಾಗಿ ತೆರೆದರೆ Signal strength ಎಂಬಲ್ಲಿ dBm ಎಂಬ ಅಕ್ಷರಗಳೊಂದಿಗೆ ಒಂದು ಋಣಸಂಖ್ಯೆ ಕಾಣುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆಯ ಗುಂಡಿ ಒತ್ತಿದರೆ RSRP ಎಂಬ ಹೆಸರಿನಲ್ಲಿ ಅದೇ ಅಂಕಿ ದೊರೆಯುತ್ತದೆ.

ಈ ಅಂಕಿಯನ್ನು ಓದುವ ಕ್ರಮ ಹೀಗೆ. −90ಕ್ಕಿಂತ ಮೇಲಿದ್ದರೆ, ಎಂದರೆ −80, −85 ಎಂದಿದ್ದರೆ, ಉತ್ತಮ. −100ರ ಆಸುಪಾಸು ಇದ್ದರೆ ಸಾಧಾರಣ. −110ರಿಂದ ಕೆಳಗೆ ಕರೆ ಮುರಿಯತೊಡಗುತ್ತದೆ. −120ಕ್ಕೆ ಬಹುತೇಕ ಏನೂ ಉಳಿದಿರುವುದಿಲ್ಲ. ಇದು ಡೆಸಿಬೆಲ್ ಲೆಕ್ಕವಾದ್ದರಿಂದ 3ರ ವ್ಯತ್ಯಾಸವೆಂದರೆ ಎರಡರಷ್ಟು, 10ರ ವ್ಯತ್ಯಾಸವೆಂದರೆ ಹತ್ತರಷ್ಟು. ಹಾಗಾಗಿ −112ರಿಂದ −102ಕ್ಕೆ ಏರಿದರೆ ಸಿಗ್ನಲ್ ಹತ್ತು ಪಟ್ಟು ಆದಂತೆ.

ಇದರ ಜೊತೆಗೆ SINR ಎಂಬ ಇನ್ನೊಂದು ಅಂಕಿಯಿದೆ. ರೂಟರುಗಳ ಪುಟದಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ. ಸಿಗ್ನಲ್ ಎಷ್ಟಿದೆ ಎಂಬುದನ್ನಲ್ಲ, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದನ್ನು ಇದು ತಿಳಿಸುತ್ತದೆ. 10ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಸೊನ್ನೆಗಿಂತ ಕೆಳಗಿಳಿದರೆ ಗದ್ದಲವೇ ಹೆಚ್ಚಾಯಿತೆಂದು ತಿಳಿಯಬೇಕು. ಜಾತ್ರೆಯ ಗದ್ದಲದಲ್ಲಿ ಎತ್ತರದ ದನಿಯೂ ಕೇಳದು, ನಿಶ್ಶಬ್ದ ಕೋಣೆಯಲ್ಲಿ ಮೆಲುದನಿಯೂ ಕೇಳುತ್ತದೆ. ಆದಕಾರಣ ಎರಡು ಅಂಕಿಗಳನ್ನೂ ಒಟ್ಟಿಗೆ ನೋಡತಕ್ಕದ್ದು.

ಒಂದು ಹಾಳೆಯಲ್ಲಿ ಜಾಗಗಳ ಹೆಸರು ಬರೆದುಕೊಂಡು ಹೊರಡಿ: ನಡುಮನೆ, ಜಗಲಿ, ಮಾಳಿಗೆ, ಅಂಗಳದ ತುದಿ, ಕಣ, ಹಿಂದಿನ ದಿಬ್ಬ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು ಅಂಕಿ ನೆಲೆಗೊಂಡ ಮೇಲೆ ಬರೆಯಿರಿ. ಸಾಧ್ಯವಾದರೆ ಫೋನನ್ನು ಉದ್ದನೆಯ ಬಿದಿರಿಗೆ ಕಟ್ಟಿ ಮೇಲೆತ್ತಿ, ಇಳಿಸಿದೊಡನೆ ನೋಡುವ ಬದಲು ಪರದೆಯನ್ನು ವಿಡಿಯೊ ಮಾಡಿಕೊಳ್ಳುವ ಸೌಲಭ್ಯ ಬಳಸಿ. ಇಳಿಸುವಷ್ಟರಲ್ಲಿ ಅಂಕಿ ಬದಲಾಗಿಬಿಡುತ್ತದೆ. ಇದನ್ನು ಬೇರೆ ಬೇರೆ ಕಂಪನಿಗಳ ಸಿಮ್ಮುಗಳಿಂದ ಮಾಡಬೇಕು. ನೆಂಟರು ಬಂದಾಗ ಅವರ ಫೋನುಗಳಿಂದಲೂ ಅಳೆಯಬಹುದು. ಒಂದು ಕಂಪನಿಯ ಟವರ್ ಗುಡ್ಡದ ಆಚೆಗಿದ್ದರೆ ಇನ್ನೊಂದರದು ಈಚೆಗಿರಬಹುದು. ಎಷ್ಟೋ ಮನೆಗಳಲ್ಲಿ ಸಿಮ್ ಬದಲಾಯಿಸುವುದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆ ತಗ್ಗಿನಲ್ಲಿದೆ, ಮೂರು ಕಡೆ ಗುಡ್ಡ, ಮುಂದೆ ತೋಟ. ಟವರ್ ನಾಲ್ಕು ಕಿಲೋಮೀಟರ್ ದೂರದಲ್ಲಿ, ಗುಡ್ಡದ ಆಚೆಗಿದೆ. ಅಳೆದಾಗ ನಡುಮನೆಯಲ್ಲಿ ಸಿಗ್ನಲ್ಲೇ ಇಲ್ಲ. ಜಗಲಿಯಲ್ಲಿ −116. ಮಾಳಿಗೆಯ ಮೇಲೆ −112. ಮನೆಯ ಹಿಂದೆ ಅರವತ್ತು ಮೀಟರ್ ದೂರದಲ್ಲಿರುವ ದಿಬ್ಬದ ಮೇಲೆ, ಬಿದಿರಿನ ತುದಿಯಲ್ಲಿ −101.

ಇಂಥಲ್ಲಿ ಹೆಚ್ಚಿನವರು ಮೊದಲು ಮಾಡುವುದು, ಒಂದು ದೊಡ್ಡ ಆಂಟೆನಾವನ್ನು ತಂದು ಮಾಳಿಗೆಯ ಮೇಲೆ ನಿಲ್ಲಿಸಿ, ಹದಿನೈದು ಮೀಟರ್ ಉದ್ದದ ತೆಳು ತಂತಿಯಿಂದ ನಡುಮನೆಯ ರೂಟರಿಗೆ ಜೋಡಿಸುವುದು. ಲೆಕ್ಕ ಹಾಕಿ ನೋಡೋಣ. ಒಂದೇ ದಿಕ್ಕಿಗೆ ನೋಡುವ ಒಳ್ಳೆಯ ಆಂಟೆನಾದಿಂದ ಸುಮಾರು 10 ಡೆಸಿಬೆಲ್ ಲಾಭವೆನ್ನಿ. ಆದರೆ ಆರ್‌ಜಿ-58 ಎಂಬ ತೆಳು ತಂತಿಯು 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಮುಕ್ಕಾಲು ಡೆಸಿಬೆಲ್ ನುಂಗುತ್ತದೆ. ಹದಿನೈದು ಮೀಟರಿಗೆ 11 ಡೆಸಿಬೆಲ್ ಹೋಯಿತು. ಆಂಟೆನಾ ಗಳಿಸಿದ್ದನ್ನೆಲ್ಲ ತಂತಿಯೇ ತಿಂದು ಇನ್ನೂ ಒಂದು ಸಾಲ ಉಳಿಯಿತು! ಎಲ್‌ಎಂಆರ್-400 ಎಂಬ ದಪ್ಪ ತಂತಿಯಾದರೆ ಅಷ್ಟೇ ಉದ್ದಕ್ಕೆ ಸುಮಾರು 3 ಡೆಸಿಬೆಲ್ ಮಾತ್ರ ಹೋಗುತ್ತದೆ. ಆದರೆ ಅದು ದುಬಾರಿ, ಬಾಗಿಸುವುದೂ ಕಷ್ಟ. 4ಜಿ ಒಂದೇ ಸಮಯಕ್ಕೆ ಎರಡು ಹಾದಿಗಳಲ್ಲಿ ಕೆಲಸ ಮಾಡುವುದರಿಂದ ಅಂಥ ತಂತಿಗಳು ಎರಡು ಬೇಕು. ಆಂಟೆನಾ ಹಾಕಿಸಿಯೂ ಏನೂ ಪ್ರಯೋಜನವಾಗಲಿಲ್ಲವೆಂಬ ದೂರಿಗೆ ಬಹುಮಟ್ಟಿಗೆ ಈ ತಂತಿಯೇ ಕಾರಣ.

ಸರಿಯಾದ ಕ್ರಮವೆಂದರೆ ರೂಟರನ್ನೇ ಮೇಲಕ್ಕೆ ಒಯ್ಯುವುದು. ಮಳೆ ಬಿಸಿಲಿಗೆ ತಡೆಯುವ ಹೊರಾಂಗಣ ರೂಟರುಗಳು ದೊರೆಯುತ್ತವೆ. ಅವುಗಳ ಒಳಗೇ ಒಂದು ದಿಕ್ಕಿಗೆ ಮುಖ ಮಾಡಿದ ಎರಡು ಹಾದಿಯ ಆಂಟೆನಾ ಅಡಕವಾಗಿರುತ್ತದೆ. ನಮ್ಮ ಉದಾಹರಣೆಯ ಮನೆಯವರು ದಿಬ್ಬದ ಮೇಲೆ ಒಂಬತ್ತು ಮೀಟರ್ ಎತ್ತರದ ಕಬ್ಬಿಣದ ಪೈಪು ನಿಲ್ಲಿಸಿ ಅದರ ತುದಿಗೆ ಇಂಥ ರೂಟರನ್ನು ಬಿಗಿದರೆನ್ನಿ. ಅದರಿಂದ ಮನೆಗೆ ಬರುವುದು ಸಾಮಾನ್ಯ ಲ್ಯಾನ್ ಕೇಬಲ್. ಇದರಲ್ಲಿ ಹರಿಯುವುದು ಅಂಕಿರೂಪದ ಮಾಹಿತಿಯಾದ್ದರಿಂದ ನೂರು ಮೀಟರ್‌ವರೆಗೆ ನಷ್ಟದ ಚಿಂತೆಯಿಲ್ಲ. ಪೈಪಿನ ಎತ್ತರ, ದಿಬ್ಬದ ದೂರ, ಮನೆಯೊಳಗಿನ ಓಟ ಎಲ್ಲ ಸೇರಿ ಎಂಬತ್ತು ಮೀಟರಿನೊಳಗೆ ಮುಗಿಯುತ್ತದೆ. ರೂಟರಿಗೆ ಬೇಕಾದ ವಿದ್ಯುತ್ತೂ ಅದೇ ಕೇಬಲಿನಲ್ಲಿ ಮೇಲೇರುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳು. ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ತರಬಾರದು. ಅಪ್ಪಟ ತಾಮ್ರದ, ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಬೇಕು. ಹಾಗೆಯೇ 12 ವೋಲ್ಟಿನ ಅಗ್ಗದ ಪಿಒಇ ಬೆಸುಗೆಗಳು ಎಂಬತ್ತು ಮೀಟರ್ ದೂರಕ್ಕೆ ಸಾಲವು. ತುದಿಯನ್ನು ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದು, ರೂಟರ್ ಹೊತ್ತಿಕೊಂಡು ಆರಿಹೋಗುತ್ತಿರುತ್ತದೆ. ಹಗಲೆಲ್ಲ ಸರಿಯಿದ್ದು ಮಾಹಿತಿ ಹೆಚ್ಚು ಹರಿದಾಗಲೆಲ್ಲ ರೂಟರ್ ತಾನಾಗಿ ಮರುಚಾಲನೆಗೊಳ್ಳುತ್ತಿದ್ದರೆ ಸಂಶಯ ಮೊದಲು ಇದರ ಮೇಲಿರಲಿ. 48 ವೋಲ್ಟಿನ ಪಿಒಇಯಿಂದ ನಡೆಯುವ ರೂಟರನ್ನೇ ಆರಿಸಿಕೊಳ್ಳುವುದು ಲೇಸು.

ಇನ್ನು ದಿಕ್ಕು ನಿಲ್ಲಿಸುವ ಕೆಲಸ. ಟವರ್ ಇರುವ ಕಡೆಗೆ ಮುಖ ಮಾಡುವುದು ಮೊದಲ ಹೆಜ್ಜೆ. ಹತ್ತಿರದ ಟವರುಗಳು ಎಲ್ಲಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯು 2017ರಲ್ಲಿ ಆರಂಭಿಸಿದ ‘ತರಂಗ್ ಸಂಚಾರ್’ ಜಾಲತಾಣದ ನೆರವಿನಿಂದ ತಿಳಿಯಬಹುದು. ಅನಂತರ ಪೈಪನ್ನು ಸ್ವಲ್ಪ ಸ್ವಲ್ಪವೇ, ಗಡಿಯಾರದ ಮುಳ್ಳು ಅರ್ಧ ಗಂಟೆಯ ಗುರುತಿನಷ್ಟು ಸರಿಯುವಂತೆ, ತಿರುಗಿಸಿ ಪ್ರತಿ ಸಲವೂ ಒಂದು ನಿಮಿಷ ಕಾಯಬೇಕು. ಮನೆಯೊಳಗೆ ಒಬ್ಬರು ರೂಟರಿನ ಪುಟ ತೆರೆದು ಅಂಕಿ ಓದುತ್ತಿರಬೇಕು. ಇಲ್ಲಿ RSRPಗಿಂತ SINR ಯಾವ ದಿಕ್ಕಿನಲ್ಲಿ ಹೆಚ್ಚು ಬರುವುದೋ ಅದೇ ಸರಿಯಾದ ದಿಕ್ಕು. ಗುಡ್ಡಗಾಡಿನಲ್ಲಿ ಟವರಿನ ನೇರ ದಿಕ್ಕಿಗಿಂತ, ಎದುರಿನ ಗುಡ್ಡದ ಬಂಡೆಯಿಂದ ಪ್ರತಿಫಲಿಸಿ ಬರುವ ದಿಕ್ಕೇ ಉತ್ತಮವಾಗಿರುವುದೂ ಉಂಟು. ಆಗ ಕಣ್ಣಿಗಿಂತ ಅಂಕಿಯನ್ನೇ ನಂಬಬೇಕು.

ಹೀಗೆ ಮಾಡಿದಾಗ ನಮ್ಮ ಮನೆಗೆ ದೊರೆಯಬಹುದಾದದ್ದೆಷ್ಟು? ದಿಬ್ಬದ −101ಕ್ಕೆ ಆಂಟೆನಾದ 8 ಡೆಸಿಬೆಲ್ ಸೇರಿ −93. ಮಾಳಿಗೆಯ ಮೇಲಿನ −112ಕ್ಕೆ ಹೋಲಿಸಿದರೆ ಇದು ಸುಮಾರು ಎಂಬತ್ತು ಪಟ್ಟು. ಗಮನಿಸಬೇಕಾದದ್ದೆಂದರೆ ಈ 19 ಡೆಸಿಬೆಲ್ ಲಾಭದಲ್ಲಿ 11 ಬಂದದ್ದು ಜಾಗ ಮತ್ತು ಎತ್ತರದಿಂದ, 8 ಮಾತ್ರ ಆಂಟೆನಾದಿಂದ. ಜೊತೆಗೆ ಆಂಟೆನಾದ ಲಾಭ ಎರಡೂ ದಿಕ್ಕಿಗೆ ಸಲ್ಲುತ್ತದೆ. ‘ನಮಗೆ ಅವರ ಮಾತು ಕೇಳುತ್ತದೆ, ನಮ್ಮ ಮಾತು ಅವರಿಗೆ ಕೇಳುವುದಿಲ್ಲ’ ಎಂಬ ದೂರು ಫೋನಿನ ಪಿಸುಮಾತು ಟವರಿಗೆ ತಲುಪದಿರುವುದರಿಂದ ಹುಟ್ಟುವಂಥದ್ದು. ಅದೂ ಇದರಿಂದ ಕಡಿಮೆಯಾಗುತ್ತದೆ.

ಎಲ್ಲರಿಗೂ ದಿಬ್ಬ ಬೇಕಾಗುವುದಿಲ್ಲ. ಮಾಳಿಗೆಯ ಮೇಲೆಯೇ −100 ಬರುವುದಾದರೆ ಸಾಮಾನ್ಯ ಸಿಮ್ ರೂಟರನ್ನು ಅಟ್ಟದ ಕಿಟಕಿಯ ಬಳಿ ಇಟ್ಟು ನೋಡುವುದು ಮೊದಲ ಪ್ರಯತ್ನವಾಗಲಿ. ತಗಡಿನ ಮಾಡಿನ ಕೆಳಗೆ ಮಾತ್ರ ಇಡಬಾರದು. ಲೋಹವು ಸಿಗ್ನಲನ್ನು ತಡೆಯುತ್ತದೆ. ಅದಕ್ಕೆ ಹೊರಗಿನ ಆಂಟೆನಾ ಜೋಡಿಸುವುದಾದರೆ ತಂತಿ ಮೂರು ನಾಲ್ಕು ಮೀಟರ್ ಮೀರದಿರಲಿ. ರೂಟರಿನ ಹಿಂಬದಿಯ ಕಡ್ಡಿಗಳು ಬಿಚ್ಚಿಬರುತ್ತವೆ ಎಂದ ಮಾತ್ರಕ್ಕೆ ಅಲ್ಲಿ ಆಂಟೆನಾ ಜೋಡಿಸಬಹುದೆಂದು ತಿಳಿಯಬಾರದು. ಕೆಲವು ರೂಟರುಗಳಲ್ಲಿ ಆ ಕಡ್ಡಿಗಳು ಮನೆಯೊಳಗಿನ ವೈಫೈಗೆ ಸೇರಿದವು, ಟವರಿಗಲ್ಲ. ರಂಧ್ರದ ಪಕ್ಕದಲ್ಲಿ LTE ಅಥವಾ 4G ಎಂದು ಬರೆದಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಸಿಡಿಲು, ಮಳೆ, ಕರೆಂಟು

ದಿಬ್ಬದ ಮೇಲೆ ಕಬ್ಬಿಣದ ಪೈಪು ನಿಲ್ಲಿಸುವುದೆಂದರೆ ಸಿಡಿಲಿಗೆ ಎದುರು ನಿಂತಂತೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಇದನ್ನು ಹಗುರವಾಗಿ ಕಾಣಲಾಗದು. ಪೈಪಿನ ಬುಡದಲ್ಲಿ ಸರಿಯಾದ ಅರ್ತಿಂಗ್ ಮಾಡಿಸಬೇಕು. ಕೇಬಲಿನ ಎರಡೂ ತುದಿಗಳಲ್ಲಿ ಲ್ಯಾನ್ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಅವನ್ನೂ ಅರ್ತಿಗೆ ಜೋಡಿಸಬೇಕು. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ನರ ಕೈಯಿಂದಲೇ ಮಾಡಿಸತಕ್ಕದ್ದು. ಹಾಗಿದ್ದೂ ನೇರವಾಗಿ ಎರಗುವ ಸಿಡಿಲನ್ನು ಇವು ತಡೆಯಲಾರವು. ಸಮೀಪದಲ್ಲಿ ಬಿದ್ದ ಸಿಡಿಲಿನ ಹೊಡೆತವನ್ನು ಮಾತ್ರ ತಗ್ಗಿಸುತ್ತವೆ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಮನೆಯ ಕಡೆಯ ಕೇಬಲನ್ನು ಕಳಚಿ ಗೋಡೆಯಿಂದ ದೂರವಿಡುವುದು ಅತ್ಯಂತ ಭದ್ರವಾದ ಉಪಾಯ. ಗುಡುಗು ತಲೆಯ ಮೇಲೆ ಬಂದ ನಂತರ ಆ ಕೇಬಲನ್ನು ಮುಟ್ಟಬಾರದು.

ಮಳೆಯ ನೀರು ಕೇಬಲಿನ ಮೇಲೆ ಜಾರಿಕೊಂಡು ಒಳಗೆ ಬರುವುದುಂಟು. ಗೋಡೆಯನ್ನು ಹೊಗುವ ಮುನ್ನ ಕೇಬಲನ್ನು ಕೆಳಕ್ಕೆ ಒಂದು ಬಾಗು ಕೊಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ನೆಲದಲ್ಲಿ ಒಯ್ಯುವಾಗ ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಹೂಳಿದರೆ ಗುದ್ದಲಿಯಿಂದಲೂ ಹೆಗ್ಗಣದಿಂದಲೂ ರಕ್ಷಣೆ ದೊರೆಯುತ್ತದೆ. ಬೇಸಗೆಯಲ್ಲಿ ಬಂದ ಅಂಕಿ ಮಳೆಗಾಲದಲ್ಲಿ ಕೆಲವು ಡೆಸಿಬೆಲ್ ಇಳಿಯಬಹುದು, ಏಕೆಂದರೆ ನೆನೆದ ಎಲೆಗಳು ಸಿಗ್ನಲನ್ನು ಹೀರುತ್ತವೆ. ಆದ್ದರಿಂದ ಆಂಟೆನಾ ಮರದ ತಲೆಗಳಿಗಿಂತ ಮೇಲಿರುವುದು ಒಳ್ಳೆಯದು, ಎಲ್ಲ ಅಳತೆಯನ್ನೂ ಒಂದು ಮಳೆಗಾಲ ಕಂಡ ಮೇಲೆಯೇ ನಂಬುವುದು ಇನ್ನೂ ಒಳ್ಳೆಯದು.

ಕರೆಂಟು ಹೋದರೆ ರೂಟರ್ ಆರುತ್ತದೆ, ರೂಟರ್ ಆರಿದರೆ ವೈಫೈ ಕರೆಯೂ ನಿಲ್ಲುತ್ತದೆ. ಮನೆಯ ಇನ್ವರ್ಟರಿಗೆ ರೂಟರನ್ನೂ ಪಿಒಇ ಪೆಟ್ಟಿಗೆಯನ್ನೂ ಜೋಡಿಸಿರಬೇಕು. ಇದನ್ನು ಮರೆತವರಿಗೆ, ಗಾಳಿಮಳೆಯ ರಾತ್ರಿ, ಎಂದರೆ ನಿಜವಾಗಿ ಬೇಕಾದ ಹೊತ್ತಿಗೇ ಫೋನು ಕೈಕೊಡುತ್ತದೆ.

ಯಾವಾಗ ಕೈಬಿಡಬೇಕು?

ಎಲ್ಲ ಕಂಪನಿಗಳ ಸಿಮ್ಮುಗಳೂ, ನಿಮ್ಮ ಜಮೀನಿನ ಅತ್ಯಂತ ಎತ್ತರದ ಜಾಗದಲ್ಲಿ, ಬಿದಿರಿನ ತುದಿಯಲ್ಲಿಯೂ ‘ನೋ ಸರ್ವಿಸ್’ ಎಂದೇ ತೋರಿಸಿದರೆ ಅಲ್ಲಿಗೆ ನಿಲ್ಲಿಸಿಬಿಡಬೇಕು. ಅಲ್ಲಿ ಯಾವ ಆಂಟೆನಾಕ್ಕೂ ಹಿಡಿಯಲು ಏನೂ ಇಲ್ಲ. ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸುವ ವ್ಯಾಪ್ತಿಯ ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ಬಳಿದಿದ್ದರೂ, ತಗ್ಗಿನ ನಿಮ್ಮ ಮನೆಗೆ ಅದು ಅನ್ವಯಿಸಬೇಕೆಂದಿಲ್ಲ. ಆಗ ಗ್ರಾಮ ಪಂಚಾಯಿತಿಯವರೆಗೆ ಭಾರತ್‌ನೆಟ್ ಫೈಬರ್ ಬಂದಿದೆಯೇ, ಅಲ್ಲಿಂದ ಮನೆಗೆ ಸಂಪರ್ಕ ಎಳೆಯಲು ಯಾರಾದರೂ ಒಪ್ಪುವರೇ ಎಂದು ವಿಚಾರಿಸುವುದು ಸರಿಯಾದ ದಾರಿ. ಫೈಬರ್ ಬಂದ ಮನೆಯಲ್ಲಿಯೂ ವೈಫೈ ಕರೆ ಹಾಗೆಯೇ ನಡೆಯುತ್ತದೆ. ಹತ್ತಾರು ಮನೆಗಳು ಸೇರಿ ಕಂಪನಿಗೆ ಮನವಿ ಕೊಟ್ಟರೆ, ಪರವಾನಗಿಯುಳ್ಳ ಅವರೇ ರಿಪೀಟರನ್ನಾಗಲಿ ಹೊಸ ಟವರನ್ನಾಗಲಿ ಅಳವಡಿಸಬಹುದು. ನಮ್ಮ ನಮ್ಮ ಮಾಳಿಗೆಗಳಲ್ಲಿ ಬೂಸ್ಟರ್ ಇಟ್ಟುಕೊಳ್ಳುವ ಬದಲು ಒಂದಾಗಿ ಕೇಳುವುದು ಎಲ್ಲರಿಗೂ ಹಿತ.

ಸಿಗ್ನಲ್ ಚೆನ್ನಾಗಿದ್ದೂ ವೇಗ ಇಲ್ಲದಿರುವ ಇನ್ನೊಂದು ಬಗೆಯ ತೊಂದರೆಯಿದೆ. ನಸುಕಿನ ಐದು ಗಂಟೆಗೂ ರಾತ್ರಿ ಒಂಬತ್ತಕ್ಕೂ RSRP ಒಂದೇ ಆಗಿದ್ದು, ನಸುಕಿನಲ್ಲಿ ವಿಡಿಯೊ ಸರಾಗವಾಗಿ ನಡೆದು ರಾತ್ರಿ ನಿಂತು ನಿಂತು ಬಂದರೆ ಟವರಿನಲ್ಲಿ ಜನಸಂದಣಿ ಹೆಚ್ಚಾಗಿದೆಯೆಂದು ಅರ್ಥ. ಆಂಟೆನಾ ಇದಕ್ಕೆ ಮದ್ದಲ್ಲ. ಬೇರೆ ಟವರಿನ ಕಡೆಗೆ ತಿರುಗಿಸಿ ನೋಡಬಹುದು, ಬೇರೆ ಕಂಪನಿಯ ಸಿಮ್ ಹಾಕಿ ನೋಡಬಹುದು, ಅಷ್ಟೇ. ಟವರಿನ ಬ್ಯಾಟರಿಯೇ ಖಾಲಿಯಾಗಿ ಅದು ನಿಂತುಹೋದಾಗಲಂತೂ ನಮ್ಮ ಕಡೆಯಿಂದ ಮಾಡಬಹುದಾದದ್ದೇನೂ ಇಲ್ಲ.

ವೈಫೈ ಮನೆಯ ಸುತ್ತಮುತ್ತ ಮಾತ್ರ ಹರಡುವುದರಿಂದ ತೋಟದ ಕೊನೆಯಲ್ಲಿ ಕೊನೆ ಕೀಳುತ್ತಿರುವವರಿಗೆ ಇದರಿಂದ ಕರೆ ತಲುಪದು. ಅಲ್ಲದೆ ತುರ್ತು ಕರೆಗಳಿಗೆ ವೈಫೈ ಒಂದನ್ನೇ ನೆಚ್ಚಿಕೊಂಡಿರುವುದು ಕ್ಷೇಮವಲ್ಲ. ಅಳತೆಯ ಹಾಳೆಯಲ್ಲಿ ಅತ್ಯುತ್ತಮ ಅಂಕಿ ಬಂದ ಜಾಗ ಯಾವುದೆಂದು ಮನೆಯ ಎಲ್ಲರಿಗೂ, ಮುಖ್ಯವಾಗಿ ಹಿರಿಯರಿಗೆ, ತೋರಿಸಿಕೊಟ್ಟಿರಬೇಕು. ಮನೆಗೆ ಸಮೀಪವಾಗಿ, ಕತ್ತಲೆಯಲ್ಲೂ ಮಳೆಯಲ್ಲೂ ನಡೆದು ಹೋಗಬಹುದಾದ ಅಂಥ ಒಂದು ಜಾಗವನ್ನು ಗುರುತಿಸಿ, ಅಲ್ಲಿಗೆ ಒಂದು ದೀಪ ಹಾಕಿಸಿದರೂ ಅದು ಎಷ್ಟೋ ಪೆಟ್ಟಿಗೆಗಳಿಗಿಂತ ಬೆಲೆಯುಳ್ಳದ್ದು. ಆ ಹಾಳೆಯನ್ನು ಪಕ್ಕದ ಮನೆಯವರ ಫೋನ್ ನಂಬರಿನೊಂದಿಗೆ ಅಡುಗೆಮನೆಯ ಗೋಡೆಗೆ ಅಂಟಿಸಿಡಿ.